ಹೂದಾನಿ ವಾಪಸ್ ಬಂತು

ಫೋಟೋದಲ್ಲಿರುವ ಈ ಬಿದ್ರಿ ಹೂದಾನಿ ಒಂದು ಕರಕುಶಲ ಸ್ಪರ್ಧೆಗೆ ಹೋಗಿತ್ತು. ಮೊನ್ನೆ ಬೀದರ್‌ಗೆ ವಾಪಸ್ ಬಂತು. ಆಯ್ಕೆ ಆಗಿಲ್ಲ.

ಬೇಜಾರಾಗಿದೆ, ಸುಳ್ಳು ಯಾಕೆ ಹೇಳಲಿ? ಎರಡೂವರೆ ತಿಂಗಳ ಕೆಲಸ. ಪಾರ್ಸೆಲ್ ಬಿಚ್ಚದೆ ಒಂದು ರಾತ್ರಿ ಹಾಗೇ ಇಟ್ಟಿದ್ದೆ.

ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದಾಗ ತಪ್ಪು ಕಂಡಿತು. ಕುತ್ತಿಗೆಯ ಬಳ್ಳಿಯಲ್ಲಿ ಬೆಳ್ಳಿ ತಂತಿ ಎರಡು ಕಡೆ ಎದ್ದಿದೆ. ಅಲ್ಲಿ ನಾನು ಉಳಿಯಿಂದ ಕೊರೆದ ಗೀರು ಸಾಕಷ್ಟು ಆಳ ಇರಲಿಲ್ಲ. ಕೈ ನೋಯುತ್ತಿತ್ತು, ಕೊನೆಯ ದಿನ ಹತ್ತಿರ ಬಂದಿತ್ತು. ಸುತ್ತಿಗೆಯಿಂದ ಎರಡು ಬಡಿದು ತಂತಿ ಕೂರಿಸಿ ಮುಂದೆ ಹೋಗಿಬಿಟ್ಟೆ. ಕಪ್ಪು ಮಾತ್ರ ಚೆನ್ನಾಗಿ ಏರಿದೆ, ಅಲ್ವಾ? ಕೋಟೆಯ ಮಣ್ಣು, ನವಸಾಗರ ಎರಡೂ ತಮ್ಮ ಕೆಲಸ ಮಾಡಿವೆ. ಮಾಡದೇ ಇದ್ದವನು ನಾನು.

ಉಸ್ತಾದರಿಗೆ ತೋರಿಸಿದೆ. ಬೈಯಲಿಲ್ಲ. ತಂತಿಯ ಮೇಲೆ ಬೆರಳಾಡಿಸಿ, "ಇಲ್ಲಿ ಅವಸರ ಮಾಡೀದಿ ನೋಡು" ಅಂದರು. ಆಮೇಲೆ ಚಹಾ ತರಿಸಿದರು. (ಬೈದಿದ್ದರೇ ಚೆನ್ನಾಗಿತ್ತು. ಆ ಚಹಾ ಜಾಸ್ತಿ ಚುಚ್ಚಿತು.)

ಇದನ್ನು ಮಾರಲ್ಲ, ಕರಗಿಸೋದೂ ಇಲ್ಲ. ನಾನು ಕೂತು ಕೆಲಸ ಮಾಡುವ ಜಾಗದ ಎದುರಿನ ಗೂಡಿನಲ್ಲಿ ಇಡುತ್ತೇನೆ. ಎದ್ದ ತಂತಿ ನನ್ನ ಕಡೆಗೇ ಇರಲಿ.

ಸೋಮವಾರ ಸತು, ತಾಮ್ರ ಕರಗಿಸಿ ಹೊಸ ಎರಕ ಹೊಯ್ಯುತ್ತೇವೆ. ಅದೇ ಅಳತೆ, ಅದೇ ಬಳ್ಳಿ. ಈ ಸಲ ಕುತ್ತಿಗೆಯಿಂದಲೇ ಶುರು, ಕೈಯಲ್ಲಿ ಬಲ ಇರುವಾಗಲೇ. ಮುಂದಿನ ಸಲ ಅರ್ಜಿ ಕರೆದಾಗ ಮತ್ತೆ ಹಾಕುತ್ತೇನೆ.

#ಬಿದ್ರಿ #ಬೀದರ್