ಕರಡು ತಿದ್ದುವ ಕೆಲಸದ ಬಗ್ಗೆ ನಮ್ಮ ತೀರ್ಮಾನ

ಶುಭಾ ಅವರಿಗೆ ನಮಸ್ಕಾರ.

ಕರಡು ತಿದ್ದುವ ಕೆಲಸಕ್ಕೆ ಇನ್ನೊಬ್ಬರನ್ನು ಆರಿಸಿಕೊಂಡಿದ್ದೇವೆ. ನಿಮ್ಮನ್ನು ತೆಗೆದುಕೊಳ್ಳಲು ಆಗಲಿಲ್ಲ. ಸುತ್ತಿ ಬಳಸಿ ಬರೆದರೆ ನೀವು ಕೊನೆಯ ಸಾಲಿನವರೆಗೂ ಆಸೆ ಹಿಡಿದುಕೊಂಡೇ ಓದಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆಯ್ಕೆಯಾದವರು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದಾರೆ, ಒಂದನೇ ತಾರೀಖಿನಿಂದ ಕೆಲಸಕ್ಕೆ ಬರುತ್ತಾರೆ. ಕಾಯುವವರ ಪಟ್ಟಿ ಅಂತ ನಾವು ಯಾವುದನ್ನೂ ಇಟ್ಟುಕೊಂಡಿಲ್ಲ.

ಒಂದು ವಿಷಯಕ್ಕೆ ಮೊದಲು ಕ್ಷಮೆ ಕೇಳಬೇಕು. ಸಂದರ್ಶನ ಮುಗಿದ ಮೇಲೆ ಕಾಫಿ ಕುಡಿಯುವಾಗ ನಾನು 'ಇನ್ನೇನು, ಮನೆ ನೋಡೋಕೆ ಶುರು ಮಾಡಿ' ಅಂದಿದ್ದೆ. ನಿಮ್ಮ ಕೆಲಸ ನೋಡಿದ ಖುಷಿಯಲ್ಲಿ ಬಂದ ಮಾತು ಅದು. ಆದರೆ ಇನ್ನೂ ಇಬ್ಬರ ಹಾಳೆ ನೋಡುವುದು ಬಾಕಿ ಇದ್ದಾಗ ನಾನು ಹಾಗೆ ಹೇಳಬಾರದಿತ್ತು. ಹಾಸನದಿಂದ ಎರಡು ಸಲ ಬಸ್ಸು ಹತ್ತಿ ಬಂದವರಿಗೆ ಆ ಮಾತು ಎಷ್ಟು ಭರವಸೆ ಕೊಟ್ಟಿರುತ್ತದೆ ಅಂತ ನನಗೆ ಆಮೇಲೆ ಹೊಳೆಯಿತು. ತಪ್ಪು ಪೂರ್ತಿ ನನ್ನದು.

ನಿಮ್ಮ ಹನ್ನೆರಡು ಪುಟದ ಪರೀಕ್ಷಾ ಕರಡನ್ನು ನಾವು ಮೂವರು ಕೂತು ಓದಿದೆವು. ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸಿದ ಕಡತದಲ್ಲಿ ಅರ್ಕಾವತ್ತಿನ ಜಾಗಕ್ಕೆ ಒಂಬತ್ತರ ಅಂಕಿ ಬಂದು ಕೂತಿತ್ತಲ್ಲ, 'ಕಾರ್ಯ' ಅನ್ನುವುದು 'ಕಾಯ೯' ಆಗಿತ್ತಲ್ಲ, ಅದನ್ನು ಮೂರೂ ಕಡೆ ಹಿಡಿದವರು ನೀವೊಬ್ಬರೇ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ನಮ್ಮ ಡಿಟಿಪಿಯವರೇ ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಎರಡನೇ ಪುಟದಲ್ಲಿ ಹದಿನಾಲ್ಕು ವರ್ಷದ ಹುಡುಗ ಒಂಬತ್ತನೇ ಪುಟದಲ್ಲಿ, ಅದೇ ಬೇಸಿಗೆಯಲ್ಲಿ, ಹದಿನಾರು ಆಗಿದ್ದನ್ನೂ ನೀವು ಗುರುತು ಹಾಕಿದಿರಿ. ಅದು ಲೇಖಕರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗಾದರೆ ಯಾಕೆ ಬೇಡ ಅಂದಿರಿ ಅಂತ ನೀವು ಕೇಳುವುದು ನ್ಯಾಯವೇ. ಕಾರಣ ಆರನೇ ಪುಟದ ಅಜ್ಜಿ. 'ಅಂವ ಇವತ್ತ ಬರಂಗಿಲ್ಲ ಬಿಡು' ಅಂತ ಅವಳು ಧಾರವಾಡದ ಕಡೆ ಮಾತಾಡುತ್ತಾಳೆ. ನೀವು ಅದನ್ನು 'ಅವನು ಇವತ್ತು ಬರುವುದಿಲ್ಲ ಬಿಡು' ಅಂತ ತಿದ್ದಿದಿರಿ. ಅಂಥವು ಹದಿನೇಳು ಕಡೆ ಇದ್ದವು. ಆಡುಮಾತು ಇದ್ದಂತೆಯೇ ಇರಲಿ, ಅನುಮಾನ ಬಂದರೆ ಅಂಚಿನಲ್ಲಿ ಪ್ರಶ್ನೆ ಬರೆಯಿರಿ ಅಂತ ಸೂಚನೆಯ ಹಾಳೆಯಲ್ಲಿ ಕೇಳಿಕೊಂಡಿದ್ದೆವು. ಈ ವರ್ಷ ನಮ್ಮ ಕೈಲಿರುವ ಐದು ಪುಸ್ತಕಗಳಲ್ಲಿ ನಾಲ್ಕು ಉತ್ತರ ಕರ್ನಾಟಕದ ಕಥೆ, ಕಾದಂಬರಿಗಳು. ಆಯ್ಕೆಯಾದವರು ಅಜ್ಜಿಯ ಮಾತನ್ನು ಮುಟ್ಟದೆ, ಎರಡು ಕಡೆ ಮಾತ್ರ ಲೇಖಕರಿಗೆ ಪ್ರಶ್ನೆ ಬರೆದಿದ್ದರು. ನಿಮ್ಮಲ್ಲಿ ಶ್ರದ್ಧೆ ಕಮ್ಮಿ ಅಂತ ಅಲ್ಲ. ನಿಜ ಹೇಳಬೇಕೆಂದರೆ ಪಠ್ಯಪುಸ್ತಕದ ಕೆಲಸ ಆಗಿದ್ದಿದ್ದರೆ ನಾನು ನಿಮ್ಮ ಪರವಾಗಿ ಜಗಳ ಆಡುತ್ತಿದ್ದೆ.

ಒಂದು ತಿಂಗಳು ಸಂಬಳ ಇಲ್ಲದೆ ಕೆಲಸ ಮಾಡಿ ತೋರಿಸುತ್ತೇನೆ ಅಂತ ಸೋಮವಾರದ ಮೆಸೇಜಿನಲ್ಲಿ ಬರೆದಿದ್ದಿರಿ. ಅದಕ್ಕೆ ನಾವು ಒಪ್ಪುವುದಿಲ್ಲ. ಯಾರಿಂದಲೂ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬಾರದು ಅನ್ನುವುದು ಒಂದು ಕಾರಣ. ಇರುವುದು ಒಂದೇ ಹುದ್ದೆ, ಅದು ತುಂಬಿದೆ ಅನ್ನುವುದು ಇನ್ನೊಂದು. ಇನ್ನೊಂದು ಪರೀಕ್ಷೆ ಬರೆದರೂ, ಯಾರಿಂದಾದರೂ ಹೇಳಿಸಿದರೂ ಈ ತೀರ್ಮಾನ ಬದಲಾಗುವುದಿಲ್ಲ.

'ಮುಂದೆ ಅವಕಾಶ ಬಂದಾಗ ತಿಳಿಸುತ್ತೇವೆ' ಅನ್ನುವ ಸಾಲನ್ನು ಬೇಕೆಂತಲೇ ಬಿಟ್ಟಿದ್ದೇನೆ. ನಾವು ಇರುವುದೇ ಆರು ಜನ, ಸದ್ಯಕ್ಕೆ ಇನ್ನೊಂದು ಜಾಗ ಆಗುವ ಲಕ್ಷಣ ಇಲ್ಲ. ಬೆಂಗಳೂರಿನ ಒಂದು ಕಡೆಯಿಂದ ಕರೆ ಬಂದಿದೆ, ನಿಮ್ಮ ಉತ್ತರ ನೋಡಿ ಹೇಳುತ್ತೇನೆ ಅಂದಿದ್ದಿರಲ್ಲ, ದಯವಿಟ್ಟು ನಮಗಾಗಿ ಅದನ್ನು ತಡೆಹಿಡಿಯಬೇಡಿ.

ಪರೀಕ್ಷಾ ಕರಡಿಗೆ ಒಪ್ಪಿಕೊಂಡಿದ್ದ 1,500 ರೂಪಾಯಿ ಮತ್ತು ಎರಡೂ ಸಲದ ಬಸ್ ಚಾರ್ಜನ್ನು ಇವತ್ತು ನಿಮ್ಮ ಖಾತೆಗೆ ಹಾಕಿದ್ದೇವೆ. ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳನ್ನು ಹರಿದುಹಾಕುತ್ತೇವೆ. ನೀವು ತಿದ್ದಿದ ಹಾಳೆಗಳನ್ನು, ಅಂಚಿನಲ್ಲಿ ನಾವು ಬರೆದ ಟಿಪ್ಪಣಿಗಳ ಸಮೇತ, ನಾಳೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ಟಿಪ್ಪಣಿಯಲ್ಲಿ ಏನಾದರೂ ಅರ್ಥವಾಗದಿದ್ದರೆ ಮಧ್ಯಾಹ್ನ ಮೂರರ ಮೇಲೆ ಆಫೀಸಿಗೆ ಫೋನ್ ಮಾಡಿ, ಕರಡಿನ ಬಗ್ಗೆ ಖಂಡಿತ ಮಾತಾಡೋಣ. ಹುದ್ದೆಯ ವಿಷಯ ಮಾತ್ರ ಇಲ್ಲಿಗೆ ಮುಗಿಯಿತು.

ಇಂತಿ,
ವಸುಧಾ
ಸಂಪಾದಕಿ, ಮೈಸೂರು