ಹದಿನೆಂಟೂ ಏಳೂ

2025ರ ಮೇ 3, ಶನಿವಾರ. ಚಿನ್ನಸ್ವಾಮಿಯಲ್ಲಿ ಐಪಿಎಲ್ ಮ್ಯಾಚ್, ಆರ್‌ಸಿಬಿ–ಸಿಎಸ್‌ಕೆ. ಅವಳು ಆರ್‌ಸಿಬಿ ಕಡೆ, ಅವನು ಸಿಎಸ್‌ಕೆ ಕಡೆ. ಅವಳು ಅವಳ ಮನೆ ಟಿವಿ ಮುಂದೆ, ಅವನು ಅವನ ಮನೆ ಟಿವಿ ಮುಂದೆ.

ಸಂಜೆ 7:24

ಅವನು: ಹಳದಿ ಟೀ ಶರ್ಟ್ ಇದ್ರೆ ಈಗ್ಲೇ ಹಾಕ್ಕೋ. ಆಮೇಲೆ ಪಕ್ಷಾಂತರ ಮಾಡಿದ್ರೆ ನಾನು ಸೇರಿಸ್ಕೊಳ್ಳಲ್ಲ.

ಅವಳು: ಪಾಯಿಂಟ್ಸ್ ಟೇಬಲ್‌ನಲ್ಲಿ ನಿಮ್ಮ ಟೀಮ್ ಹುಡುಕೋಕೆ ಕೆಳಗಡೆವರೆಗೂ ಹೋಗ್ಬೇಕು. ನನ್ನನ್ನ ಸೇರಿಸ್ಕೊಳ್ತಾನಂತೆ!

ಅವನು: ಕಪ್ ಎಣಿಸೋಣ್ವಾ? 2010, 2011, 2018, 2021, 2023. ಒಂದು ಕೈಯಲ್ಲಿರೋ ಬೆರಳೆಲ್ಲ ಮುಗೀತು.

ಅವಳು: ಇನ್ನೊಂದು ಕೈ ಖಾಲಿ ಇದೆ ತಾನೇ? ಅದನ್ನ ಹಿಡ್ಕೊಳ್ಳೋಕೆ ಯಾರಾದ್ರೂ ಸಿಕ್ಕಿದ್ರಾ?

ಅವನು: ...ಮ್ಯಾಚ್ ಶುರುವಾಗೋ ಮೊದ್ಲೇ ಯಾರ್ಕರ್ ಹಾಕ್ತಾರಾ ಯಾರಾದ್ರೂ?

ಅವಳು: ಬೆಟ್ ಕಟ್ಟೋಣ. ಸೋತವರು ನಾಳೆ ಸಂಜೆ ಗೆದ್ದವರ ಜೆರ್ಸಿ ಹಾಕ್ಕೊಂಡು ವಾಕಿಂಗ್‌ಗೆ ಬರ್ಬೇಕು.

ಅವನು: ನಾಳೆ ಸಂಜೆ ನಾವು ವಾಕಿಂಗ್ ಹೋಗ್ತಿದೀವಾ?

ಅವಳು: ಈಗ ಹೋಗ್ತಿದೀವಿ.

ರಾತ್ರಿ 8:30

ಅವಳು: ಕೊಹ್ಲಿ! 33 ಬಾಲ್‌ಗೆ 62! ನೋಡಿದ್ಯಾ ಆ ಸಿಕ್ಸರ್‌ಗಳು?

ಅವನು: ನೋಡ್ದೆ. ಚೆನ್ನಾಗಿ ಆಡ್ದ, ಒಪ್ಕೋತೀನಿ. 2016ರಲ್ಲಿ 973 ರನ್ ಹೊಡೆದಾಗ್ಲೂ ಒಪ್ಕೊಂಡಿದ್ದೆ. ಆದ್ರೂ ಕಪ್ ಬರ್ಲಿಲ್ಲ.

ಅವಳು: ಆ ಫೈನಲ್ ಎತ್ಬೇಡ. 8 ರನ್‌ನಿಂದ ಸೋತ್ವಿ. ಅವತ್ತು ಹಾಕಿದ್ದ ಕೊಹ್ಲಿಯ 18 ನಂಬರ್ ಜೆರ್ಸಿನೇ ಈಗ್ಲೂ ಹಾಕಿದೀನಿ. 8ರ ಕೆಳಗಿನ ಸೊನ್ನೆ ಅರ್ಧ ಕಿತ್ತೋಗಿದೆ, ಕೆಂಪು ಬಣ್ಣ ಮಾಸಿ ಗುಲಾಬಿ ಆಗಿದೆ. ಅಮ್ಮ ಎಸೀತೀನಿ ಅಂದಾಗಲೆಲ್ಲ ಬಚ್ಚಿಟ್ಟು ಕಾಪಾಡಿದೀನಿ.

ಅವನು: ಒಂಬತ್ತು ವರ್ಷ ಒಂದೇ ಜೆರ್ಸಿ?

ಅವಳು: ಒಂದ್ಸಲ ಹಿಡಿದ್ರೆ ಬಿಡೋಳಲ್ಲ ನಾನು. ಗೊತ್ತಿರ್ಲಿ.

ಅವನು: ಗೊತ್ತಿಟ್ಕೊಂಡೆ.

ರಾತ್ರಿ 9:20

ಅವನು: ಶೆಫರ್ಡ್‌ಗೆ ಏನಾಯ್ತು? 14 ಬಾಲ್‌ಗೆ 53! ಕೊನೇ ಎರಡು ಓವರ್‌ಗೆ 54!

ಅವಳು: 213. ನಿನ್ನ ಎದೆ ಅಳತೆ ಹೇಳು, ಜೆರ್ಸಿ ಸೈಜ್ ನೋಡ್ಬೇಕು.

ಅವನು: 7 ನಂಬರ್ ಜೆರ್ಸಿಯ ನಮ್ಮ ತಲಾ ಧೋನಿ ಇನ್ನೂ ಬ್ಯಾಟ್ ಹಿಡಿದಿಲ್ಲ.

ಅವಳು: ಮಾರ್ಚ್ 28ಕ್ಕೆ ಚೆಪಾಕ್‌ನಲ್ಲೂ ಹೀಗೇ ಅಂದಿದ್ದೆ. ಒಂಬತ್ತನೇ ನಂಬರಿಗೆ ಬಂದ್ರು. 50 ರನ್‌ನಿಂದ ಗೆದ್ವಿ, 2008ರ ನಂತರ ಮೊದಲನೇ ಸಲ ನಿಮ್ಮ ಕೋಟೆಯಲ್ಲಿ.

ಅವನು: ಅವತ್ತು ಫೋನ್ ಸ್ವಿಚ್ ಆಫ್ ಮಾಡಿ ಮಲಗಿದ್ದೆ.

ಅವಳು: ಗೊತ್ತು. ಹನ್ನೊಂದು ಮೆಸೇಜ್ ಹಾಕಿದ್ದೆ.

ಅವನು: ಬೆಳಗ್ಗೆ ಎಲ್ಲಾ ಓದ್ದೆ. ಹನ್ನೊಂದನೇದು ‘ಊಟ ಮಾಡ್ದ್ಯಾ’ ಅಂತಿತ್ತು. ಸೋತ ಬೇಜಾರು ಅಲ್ಲೇ ಹೋಯ್ತು.

ರಾತ್ರಿ 11:05

ಅವಳು: ಆಯುಷ್ ಮ್ಹಾತ್ರೆ 94ಕ್ಕೆ ಔಟ್. ಹದಿನೇಳು ವರ್ಷದ ಹುಡುಗ ಕಣೋ! ನಮ್ಮ ವಿಕೆಟ್ಟೇ ಆದ್ರೂ ಕುಣಿಯೋಕೆ ಮನಸ್ಸು ಬರ್ಲಿಲ್ಲ.

ಅವನು: ಇದು ನೀನು ಮಾಡೋ ಮೋಸ. ಜಗಳ ಆಡ್ಬೇಕು ಅಂತ ರೆಡಿ ಆಗಿರ್ತೀನಿ, ಇಂಥದ್ದೊಂದು ಮಾತು ಹೇಳ್ಬಿಡ್ತೀಯ.

ಅವಳು: ಕೊನೇ ಓವರ್. 15 ಬೇಕು. ಯಶ್ ದಯಾಳ್‌ಗೆ ಬಾಲ್, ಕ್ರೀಸ್‌ನಲ್ಲಿ ಧೋನಿ. ಕಳೆದ ವರ್ಷ ಮೇ 18 ನೆನಪಿದ್ಯಾ?

ಅವನು: ಮರೆಯೋಕಾಗುತ್ತಾ? ಇವರಿಬ್ಬರೇ. ಮೊದಲನೇ ಬಾಲ್ ಸಿಕ್ಸರ್, ಮುಂದಿನ ಬಾಲ್‌ಗೆ ಔಟ್. ಪ್ಲೇಆಫ್ ನಿಮಗೆ ಹೋಯ್ತು.

ಅವಳು: ಎಲ್‌ಬಿಡಬ್ಲ್ಯೂ!!! ಮತ್ತೆ ದಯಾಳ್!

ಅವನು: ತಾಳು, ದುಬೆ ಬಂದ.

ಅವನು: ಸಿಕ್ಸ್! ಅದೂ ನೋಬಾಲ್! 3 ಬಾಲ್‌ಗೆ 6 ಬೇಕಷ್ಟೇ!

ಅವಳು: ಮಾತಾಡ್ಬೇಡ. ಉಗುರೆಲ್ಲ ಹೋಯ್ತು.

ಅವನು: ನಾನೂ ನಿಂತ್ಕೊಂಡೇ ನೋಡ್ತಿದೀನಿ.

ಅವಳು: ಒಂದು. ಒಂದು. ಒಂದು. ಎರಡೇ ರನ್! ಗೆದ್ವಿ! ಗೆದ್ವಿ ಕಣೋ!

*(ನಾಲ್ಕು ನಿಮಿಷ ಏನೂ ಬರಲಿಲ್ಲ.)*

ಅವಳು: ಸ್ವಿಚ್ ಆಫ್ ಮಾಡಿದ್ಯಾ?

ಅವನು: ಇಲ್ಲ. ಇವತ್ತು ಹನ್ನೊಂದು ಮೆಸೇಜ್‌ಗೆ ಕಾಯೋ ತಾಳ್ಮೆ ಇಲ್ಲ.

ಅವಳು: ಊಟ ಮಾಡ್ದ್ಯಾ?

ಅವನು: ಮಾಡ್ತೀನಿ. ನಾಳೆ ಜೆರ್ಸಿ ಹೊಸದು ತರ್ಬೇಡ. ಆ ಸೊನ್ನೆ ಕಿತ್ತೋಗಿರೋದೇ ಕೊಡು.

ಅವಳು: ನಿಂಗೆ ಬಿಗಿ ಆಗುತ್ತೆ.

ಅವನು: ಹೆಗಲ ಮೇಲೆ ಹಾಕ್ಕೋತೀನಿ.

ಅವಳು: ಒಂಬತ್ತು ವರ್ಷದಿಂದ ಯಾರ ಕೈಗೂ ಕೊಟ್ಟಿಲ್ಲ ಅದನ್ನ. ಒಗೆದು ವಾಪಸ್ ಕೊಡ್ಬೇಕು.

ಅವನು: ವಾಪಸ್ ಕೊಡೋಕೆ ಮತ್ತೆ ಸಿಗ್ಬೇಕಾಗುತ್ತಲ್ಲ?

ಅವಳು: ಅದಕ್ಕೇ ಕೊಡ್ತಿರೋದು. ಆರು ಗಂಟೆಗೆ. ಲೇಟ್ ಮಾಡ್ಬೇಡ.