ನಮ್ಮ ಸ್ಪ್ಲೆಂಡರ್ ಪ್ಲಸ್ – ಸರ್ವಿಸ್ ಲೆಕ್ಕ

ಗಾಡಿ: ಹೀರೋ ಸ್ಪ್ಲೆಂಡರ್ ಪ್ಲಸ್, ಬಿಎಸ್ 6, ಎರಡೂ ಕಡೆ ಡ್ರಮ್ ಬ್ರೇಕ್
ಕೊಂಡಿದ್ದು: ಮಾರ್ಚ್ 2022, ಶಿವಮೊಗ್ಗ (ಕೆಎ 14)
ಓಡಿಸುವವರು: ಅಪ್ಪಯ್ಯ (ತೋಟ, ಸೊಸೈಟಿ), ತಮ್ಮ (ತೀರ್ಥಹಳ್ಳಿ ಕಾಲೇಜು), ರಜೆಗೆ ಬಂದಾಗ ನಾನು
ಆಯಿಲ್: 10ಡಬ್ಲ್ಯು30, 900 ಎಂಎಲ್ ಬಾಟಲಿ
ಗಾಳಿ: ಮುಂದೆ 25, ಒಬ್ಬರೇ ಹೋಗುವಾಗ ಹಿಂದೆ 28

ಮೂರು ಜನ ಓಡಿಸುವ ಗಾಡಿ. ಅದಕ್ಕೇ ಈ ಪುಸ್ತಕ. ಗ್ಯಾರೇಜಿನಿಂದ ಬಂದ ದಿನವೇ ಬರೆಯಿರಿ, ಮೀಟರ್ ನೋಡಿಯೇ ಬರೆಯಿರಿ. "ಮುಂದಿನದು" ಅನ್ನುವ ಕಡೆ ಕಿ.ಮೀ. ಮತ್ತು ತಿಂಗಳು ಎರಡೂ ಇದೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

| ದಿನಾಂಕ | ಕಿ.ಮೀ. | ಆದ ಕೆಲಸ | ಖರ್ಚು (₹) | ಮುಂದಿನದು |
|---|---|---|---|---|
| 12-05-2024 | 24,110 | ಮಳೆಗಾಲದ ಮುಂಚಿನ ಸರ್ವಿಸ್. ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಹೊಸದು. ಹಿಂದೆ ಮುಂದೆ ಬ್ರೇಕ್ ಶೂ ಹೊಸದು | 1,480 | 27,100 / ಆಗಸ್ಟ್ ಕೊನೆ |
| 20-07-2024 | 25,980 | ಬ್ರೇಕ್ ಡ್ರಮ್ ಬಿಚ್ಚಿ ಕೆಸರು ತೆಗೆದಿದ್ದು. ಚೈನ್ ತೊಳೆದು, ಟೈಟ್ ಮಾಡಿ, ಆಯಿಲ್ ಹಾಕಿದ್ದು | 180 | ಚೈನ್: 26,500 |
| 01-09-2024 | 27,150 | ಆಯಿಲ್, ಕ್ಲಚ್ ಕೇಬಲ್ ಹೊಸದು (ಎಳೆ ಬಿಡಲು ಶುರುವಾಗಿತ್ತು) | 720 | 30,100 / ಡಿಸೆಂಬರ್ |
| 08-12-2024 | 30,090 | ಆಯಿಲ್. ಚೈನ್ ಸ್ಪ್ರಾಕೆಟ್ ಪೂರ್ತಿ ಸೆಟ್ ಹೊಸದು. ಫುಲ್ ವಾಶ್ | 2,310 | 33,100 / ಮಾರ್ಚ್ |
| 16-02-2025 | 32,240 | ಹಿಂದಿನ ಟೈರು, ಟ್ಯೂಬು ಹೊಸದು | 1,900 | ಮುಂದಿನ ಟೈರು ಮೇ ತಿಂಗಳಲ್ಲಿ ನೋಡಬೇಕು |
| 09-03-2025 | 33,080 | ಆಯಿಲ್, ಟ್ಯಾಪೆಟ್ ಸರಿ ಮಾಡಿದ್ದು | 640 | 36,000 / ಮಳೆಗೆ ಮುಂಚೆ |
| 11-05-2025 | 35,020 | ಮಳೆಗಾಲದ ಮುಂಚಿನ ಸರ್ವಿಸ್. ಆಯಿಲ್, ಏರ್ ಫಿಲ್ಟರ್, ಪ್ಲಗ್, ಹಿಂದಿನ ಬ್ರೇಕ್ ಶೂ, ಬ್ಯಾಟರಿ ಹೊಸದು. ಮುಂದಿನ ಟೈರು ಇನ್ನೂ ಚೆನ್ನಾಗಿದೆ | 2,560 | 38,000 / ಆಗಸ್ಟ್ ಕೊನೆ |
| 13-07-2025 | 36,700 | ಡ್ರಮ್ ಕ್ಲೀನ್, ಚೈನ್ ಕೆಲಸ | 200 | ಚೈನ್: 37,200 |
| 07-09-2025 | 38,060 | ಆಯಿಲ್, ಹಾರ್ನ್ ಸ್ವಿಚ್ ರಿಪೇರಿ | 760 | 41,000 / ಡಿಸೆಂಬರ್ |

ಮೇ 2024ರಿಂದ ಮುಂದಿನ ಮೇ ಸರ್ವಿಸ್ ತನಕ 10,910 ಕಿ.ಮೀ. ಓಡಿದೆ, ಸರ್ವಿಸ್ ಖರ್ಚು ₹7,230. ಪೆಟ್ರೋಲ್, ಪಂಕ್ಚರ್ ಬಿಟ್ಟು ಕಿ.ಮೀ.ಗೆ 66 ಪೈಸೆ ಬಿತ್ತು. ಟೈರು, ಚೈನ್ ಸೆಟ್ ಎರಡೂ ಬಂದ ವರ್ಷಕ್ಕೆ ಇದು ಜಾಸ್ತಿ ಅಲ್ಲ.

ಚೈನ್, ಬ್ರೇಕ್. ನಮ್ಮ ಮಳೆಗೆ ಈ ಗಾಡಿಯಲ್ಲಿ ಮೊದಲು ಸೋಲುವುದು ಇವೆರಡೇ. ಬೇಸಿಗೆಯಲ್ಲಿ ಚೈನಿಗೆ ತಿಂಗಳಿಗೊಂದು ಸಲ ಆಯಿಲ್ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ 500 ಕಿ.ಮೀ.ಗೊಮ್ಮೆ ಹಾಕಲೇಬೇಕು, ಜೋರು ಮಳೆಯಲ್ಲಿ ಅದಕ್ಕೂ ಮುಂಚೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಹಾಕಿ ಉಜ್ಜಿ, ಒರೆಸಿ, ಆಮೇಲೆ 90 ನಂಬರ್ ಗೇರ್ ಆಯಿಲ್. ಎಂಜಿನ್‌ನಿಂದ ತೆಗೆದ ಕರಿ ಆಯಿಲ್ ಬೇಡ. ಅದರಲ್ಲಿ ಕಸ, ಲೋಹದ ಪುಡಿ ಇರುತ್ತದೆ, ಸ್ಪ್ರಾಕೆಟ್ ಹಲ್ಲು ಬೇಗ ಸವೆಯುತ್ತದೆ. ಉಜ್ಜುವಾಗ ಎಂಜಿನ್ ಆಫ್ ಇರಲಿ, ಚಕ್ರ ಕೈಯಲ್ಲೇ ತಿರುಗಿಸಿ.

ಡಿಸೆಂಬರ್‌ನಲ್ಲಿ ಚೈನ್ ಒಂದನ್ನೇ ಹಾಕಿದರೆ ಸಾಕು, ದುಡ್ಡು ಉಳಿಯುತ್ತದೆ ಅಂತ ಅಪ್ಪಯ್ಯ ಹೇಳಿದ್ದರು. ಹಳೇ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಮುಂದಿನ ಸಲವೂ ಚೈನ್, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಹಾಕಿಸಿ.

ಡ್ರಮ್ ಒಳಗೆ ನೀರು ಹೋದರೆ ಬ್ರೇಕ್ ಹಿಡಿಯುವುದಿಲ್ಲ. ಹಳ್ಳ ದಾಟಿದ ಮೇಲೆ ನಿಧಾನ ಹೋಗುತ್ತಾ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಬಿಸಿಗೆ ಒಣಗುತ್ತದೆ. ತಮ್ಮಾ, ಇದು ನಿನಗೆ. ಆಗುಂಬೆ ಘಾಟಿಯಲ್ಲಿ 14 ತಿರುವು ಇವೆ. ಇಳಿಯುವಾಗ ಎರಡನೇ ಗೇರ್‌ನಲ್ಲೇ ಇಳಿ, ನ್ಯೂಟ್ರಲ್ ಮಾಡಿ ಬಿಡಬೇಡ. ಬ್ರೇಕ್ ಶೂ ಒಂದೇ ವರ್ಷಕ್ಕೆ ಹೋಗಿದ್ದು ನೋಡಿದೆಯಲ್ಲ?

ಬ್ಯಾಟರಿ. ಏಪ್ರಿಲ್‌ನಿಂದಲೇ ಸೆಲ್ಫ್ ಎಳೆಯುತ್ತಿರಲಿಲ್ಲ. ಇದು ಎಫ್‌ಐ ಗಾಡಿ, ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದರೂ ಕಷ್ಟ. ವಾರಂಟಿ ಕಾರ್ಡ್ ಈ ಪುಸ್ತಕದ ಹಿಂದಿನ ಕವರಿನಲ್ಲಿದೆ.

ಕಾಗದ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಐದು ವರ್ಷದ್ದು, ಮಾರ್ಚ್ 2027 ತನಕ ಇದೆ. ನಮ್ಮ ಗಾಡಿಗೆ ಆಗುವ ಡ್ಯಾಮೇಜಿನ ಭಾಗ ಮಾತ್ರ ಪ್ರತಿ ಮಾರ್ಚ್‌ಗೆ ಕಟ್ಟಬೇಕು. ಎಮಿಷನ್ ಮಾರ್ಚ್ 2026ಕ್ಕೆ ಮುಗಿಯುತ್ತದೆ, ಎರಡನ್ನೂ ಒಂದೇ ದಿನ ಮಾಡಿಸಿ.

ಡಿಸೆಂಬರ್ ಸರ್ವಿಸ್‌ಗೆ ಹೇಳಬೇಕಾದ್ದು: ಆಯಿಲ್ ಜೊತೆ ಹ್ಯಾಂಡಲ್ ಬೇರಿಂಗ್ ನೋಡಿಸಿ, ಗುಂಡಿ ಬಿದ್ದಾಗ ಟಕ್ ಅನ್ನುತ್ತಿದೆ. ಮುಂದಿನ ಬ್ರೇಕ್ ಶೂ 24,110ರಲ್ಲಿ ಹಾಕಿದ್ದು, ಅದನ್ನೂ ಬಿಚ್ಚಿ ನೋಡಲಿ. ಬಿಲ್ ಕೇಳಿ ತೆಗೆದುಕೊಳ್ಳಿ. ಅಡಿಕೆ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಹಾಗಾಗಿ ನವೆಂಬರ್ ಕೊನೆಗೇ ಬಿಟ್ಟು ಬಂದರೂ ಸರಿಯೇ.